ಉಳಿದ ಅನ್ನದ ಆಯುಸ್ಸು

ಮದುವೆಯ ಮನೆಯಲ್ಲಿ ಅನ್ನ ಸಾಲದೆ ಹೋದರೆ ಅಪಮಾನ, ಮಿಕ್ಕರೆ ಕೇಳುವವರಿಲ್ಲ. ಆದುದರಿಂದ ಐನೂರು ಮಂದಿಯನ್ನು ಕರೆದವರು ಆರುನೂರು ಎಲೆಗೆ ಅಡಿಗೆ ಮಾಡಿಸುವುದು ನಮ್ಮಲ್ಲಿ ವಾಡಿಕೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದವರು ನಗರದ 75 ಕಲ್ಯಾಣಮಂಟಪಗಳನ್ನು ಪರಿಶೀಲಿಸಿ, ಮದುವೆಗಳಲ್ಲಿ ವರ್ಷಕ್ಕೆ 943 ಟನ್ ಒಳ್ಳೆಯ ಆಹಾರ ಹಾಳಾಗುತ್ತಿದೆಯೆಂದು 2012ರಲ್ಲಿ ಅಂದಾಜು ಮಾಡಿದರು. ಇದನ್ನು ಹಸಿದವರಿಗೆ ಏಕೆ ಮುಟ್ಟಿಸಬಾರದು? ಪ್ರಶ್ನೆ ಸುಲಭವಾದುದು, ಉತ್ತರ ಅಷ್ಟು ಸುಲಭವಲ್ಲವೆಂಬುದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ನನ್ನ ತಂದೆಯವರು ಅಡಿಗೆ ಭಟ್ಟರ ಕೈಕೆಳಗೆ ಕೆಲಸ ಮಾಡುವವರು. ರಜಾ ದಿನಗಳಲ್ಲಿ ನಾನೂ ಬಡಿಸಲು ಹೋಗುತ್ತೇನೆ. ಹೋದ ವರ್ಷ ದೊಡ್ಡನೆಕ್ಕುಂದಿಯ ಕಡೆಯ ಒಂದು ಮದುವೆಯಲ್ಲಿ ಸುಮಾರು ನಲವತ್ತು ಕಿಲೋ ಅನ್ನವೂ ಅರ್ಧ ಕೊಪ್ಪರಿಗೆ ಹುಳಿಯೂ ಮಿಕ್ಕವು. ಆಳಿಗೆ ಕಾಲು ಕಿಲೋದಂತೆ ನೂರ ಅರವತ್ತು ಜನರ ಊಟ! ಹತ್ತಿರದಲ್ಲೇ ಕಟ್ಟಡ ಕೆಲಸದವರ ತಗಡಿನ ಶೆಡ್ಡುಗಳಿದ್ದುವು. ಅನ್ನ ಬಸಿದದ್ದು ಹನ್ನೊಂದೂವರೆಗೆ. ಕೊನೆಯ ಪಂಕ್ತಿ ಎದ್ದದ್ದು ಮೂರಕ್ಕೆ. ಮನೆಯವರು ಮನಸ್ಸು ಮಾಡಿ ಗಾಡಿ ತರಿಸುವಾಗ ಐದೂವರೆ. ನಾವು ಶೆಡ್ಡುಗಳನ್ನು ಮುಟ್ಟಿದಾಗ ಆರೂವರೆ. ಮುಚ್ಚಳ ತೆಗೆದರೆ ಹುಳಿಯ ಮೇಲೆ ಸಣ್ಣ ನೊರೆ. ಅನ್ನ ಮಾತ್ರ ಚೆನ್ನಾಗಿಯೇ ಕಾಣುತ್ತಿತ್ತು, ವಾಸನೆಯೂ ಇರಲಿಲ್ಲ. ಆದರೂ ತಂದೆಯವರು ಎರಡನ್ನೂ ಬಡಿಸಲು ಒಪ್ಪಲಿಲ್ಲ. ರಾಯಚೂರಿನ ಕಡೆಯ ಹೆಂಗಸೊಬ್ಬಳು, “ಯಾಕ್ ಚೆಲ್ಲತೀರ್ರೀ ಅಣ್ಣಾರ? ಮಕ್ಕಳು ತಾಟು ಹಿಡಕೊಂಡು ಕುಂತಾವ್ರೀ” ಎಂದಳು. ಆ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ.

ತಂದೆಯವರು ಅನುಭವದಿಂದ ಅರಿತುದನ್ನು ನಾನು ಅನಂತರ ಓದಿ ತಿಳಿದೆ. ಅಕ್ಕಿಯಲ್ಲಿ ಬ್ಯಾಸಿಲಸ್ ಸೀರಿಯಸ್ ಎಂಬ ಸೂಕ್ಷ್ಮಜೀವಿಯ ಬೀಜಕಣಗಳು ಇರುತ್ತವೆ. ಅವು ಕುದಿಯುವ ನೀರಿಗೂ ಸಾಯುವುದಿಲ್ಲ. ಅನ್ನದ ಬಿಸಿ 60 ಡಿಗ್ರಿಗಿಂತ ಮೇಲಿರುವ ತನಕ ಸುಮ್ಮನಿದ್ದು, ಉಗುರುಬೆಚ್ಚಗಾದೊಡನೆ ಮೊಳೆತು ವೃದ್ಧಿಯಾಗುತ್ತವೆ. ವಾಂತಿ ತರುವ ವಿಷವನ್ನು ಬಿಡುತ್ತವೆ. ಅನ್ನವನ್ನು ಮತ್ತೆ ಬಿಸಿಮಾಡಿದರೂ ಆ ವಿಷ ಹೋಗುವುದಿಲ್ಲ. ಅನ್ನ ಬೆಂದಿದೆಯೇ ಎಂದು ತಿಳಿಯಲು ಒಂದು ಅಗುಳು ಸಾಕು. ಕೆಟ್ಟಿದೆಯೇ ಎಂದು ತಿಳಿಯಲು ಅಗುಳೂ ಸಾಲದು, ಮೂಗೂ ಸಾಲದು. ಗಡಿಯಾರವೊಂದೇ ಸಾಕ್ಷಿ. 60 ಡಿಗ್ರಿಗಿಂತ ಕೆಳಗೆ, 5 ಡಿಗ್ರಿಗಿಂತ ಮೇಲೆ ಒಟ್ಟು ನಾಲ್ಕು ಗಂಟೆ ಕಳೆದ ಅನ್ನವನ್ನು ಯಾರಿಗೂ ಕೊಡಲಾಗದೆಂಬುದು ಸಾಮಾನ್ಯ ನಿಯಮ.

ಎಲ್ಲ ಪದಾರ್ಥಗಳ ಆಯುಸ್ಸೂ ಒಂದೇ ಅಲ್ಲ. ತೆಂಗಿನಕಾಯಿ ಚಟ್ನಿ, ಕೋಸಂಬರಿ, ಹಾಲಿನ ಪಾಯಸ ಇವು ಮೊದಲು ಕೆಡುತ್ತವೆ. ಇವನ್ನು ಕಳುಹಿಸದಿರುವುದೇ ಲೇಸು. ಹುಣಿಸೆಯ ಹುಳಿಯೂ ಎಣ್ಣೆಯೂ ಇರುವ ಪುಳಿಯೋಗರೆ ಬಿಳಿ ಅನ್ನಕ್ಕಿಂತ ಹೆಚ್ಚು ತಾಳುತ್ತದೆ. ಲಾಡು, ಮೈಸೂರುಪಾಕುಗಳಿಗೆ ಅವಸರವೇ ಇಲ್ಲ.

2014ರಲ್ಲಿ ದೆಹಲಿಯಲ್ಲಿ ಹುಟ್ಟಿ ಬೆಂಗಳೂರಿಗೂ ಬಂದ ‘ರಾಬಿನ್ ಹುಡ್ ಆರ್ಮಿ’, ಅದೇ ವರ್ಷ ಕೊಯಮತ್ತೂರಿನಲ್ಲಿ ಮೊದಲಾದ ‘ನೋ ಫುಡ್ ವೇಸ್ಟ್’ ಮುಂತಾದ ಸಂಸ್ಥೆಗಳು ಇಂಥ ಆಹಾರವನ್ನು ಒಯ್ದು ಹಂಚುತ್ತ ಬಂದಿವೆ. ಇಂಥ ಕೆಲಸಕ್ಕೆಂದೇ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರವು 2019ರಲ್ಲಿ ನಿಯಮಗಳನ್ನು ರೂಪಿಸಿತು. ಈ ಕೆಲಸಕ್ಕೆ ಕಾರ್ಖಾನೆ, ಕಚೇರಿಗಳ ಕ್ಯಾಂಟೀನುಗಳು ಮದುವೆಗಿಂತ ಅನುಕೂಲ. ಅಲ್ಲಿ ಪ್ರತಿದಿನವೂ ಅದೇ ಹೊತ್ತಿಗೆ ಊಟ ಮುಗಿಯುತ್ತದೆ, ಗಾಡಿ ಮೊದಲೇ ಬಂದು ನಿಲ್ಲಬಹುದು. ಮದುವೆಯಲ್ಲಿ ಎಷ್ಟು ಮಿಕ್ಕೀತೆಂದು ಕೊನೆಯ ಪಂಕ್ತಿಯವರೆಗೆ ಯಾರೂ ಹೇಳಲೊಲ್ಲರು. ಅನ್ನದ ಆಯುಸ್ಸು ಸವೆಯುವುದು ಈ ಕಾಯುವಿಕೆಯಲ್ಲಿಯೇ.

ಎಲೆಯಲ್ಲಿ ಬಿಟ್ಟ ಎಂಜಲನ್ನಂತೂ ಯಾರಿಗೂ ಕೊಡುವಂತಿಲ್ಲ. ಅದಕ್ಕೆ ದಾರಿ ಅನಿಲ ಸ್ಥಾವರ. ಬೆಂಗಳೂರಿನ ‘ಕಾರ್ಬನ್ ಮಾಸ್ಟರ್ಸ್’ ಸಂಸ್ಥೆಯು ಮಾಲೂರಿನ ಸ್ಥಾವರದಲ್ಲಿ ಇಂಥ ತ್ಯಾಜ್ಯವನ್ನು ಗಾಳಿಯಿಲ್ಲದ ತೊಟ್ಟಿಯಲ್ಲಿ ಕೊಳೆಯಿಸಿ, ಬಂದ ಅನಿಲವನ್ನು ಶುದ್ಧಿಮಾಡಿ ಸಿಲಿಂಡರುಗಳಲ್ಲಿ ತುಂಬಿ, ಮತ್ತೆ ಹೋಟೆಲುಗಳ ಒಲೆಗೇ ಒದಗಿಸಿತು. ಉಳಿದ ಗಸಿ ಹೊಲಕ್ಕೆ ಗೊಬ್ಬರ. ಇಂಥ ತೊಟ್ಟಿಗೆ ಪ್ಲಾಸ್ಟಿಕ್ ಬೀಳಬಾರದು. ಅನ್ನವನ್ನೂ ಒಮ್ಮೆಲೇ ರಾಶಿ ಸುರಿಯಬಾರದು. ಸುರಿದರೆ ಒಳಗೆ ಹುಳಿಯೇರಿ ಅನಿಲ ಹುಟ್ಟಿಸುವ ಜೀವಿಗಳು ಸೊರಗುತ್ತವೆ, ಅನಿಲವೂ ಸರಿಯಾಗಿ ಉರಿಯದು.

ಮೊನ್ನೆ ಇನ್ನೊಂದು ಮದುವೆಯಲ್ಲಿ ತಂದೆಯವರು ಭಟ್ಟರನ್ನು ಒಪ್ಪಿಸಿ, ಅಕ್ಕಿಯನ್ನು ಒಂದೇ ಸಲಕ್ಕೆ ಹಾಕದೆ ಹತ್ತು ಹತ್ತು ಕಿಲೋ ಬೇಯಿಸಿದರು. ಎರಡನೆಯ ಪಂಕ್ತಿ ಎದ್ದೊಡನೆ ನಾನು ಎಲೆಗಳನ್ನು ಎಣಿಸಿ ಹೇಳಿದೆ. ಮುಟ್ಟದಿದ್ದ ಒಂದು ಕೊಪ್ಪರಿಗೆ ಅನ್ನ ಹಬೆಯಾಡುತ್ತಿರುವಾಗಲೇ ಹೊರಟು, ಎರಡು ಗಂಟೆಗೆ ಮೊದಲು ಶೆಡ್ಡುಗಳನ್ನು ಸೇರಿತು. ಬಡಿಸುವ ಮುನ್ನ ನಾವಿಬ್ಬರೂ ಅದನ್ನೇ ಉಂಡೆವು. ಇಪ್ಪತ್ತು ಕಿಲೋ ಅಕ್ಕಿ ಬೇಯದೆಯೇ ಉಗ್ರಾಣಕ್ಕೆ ಮರಳಿತು. ಬೆಂದ ಅನ್ನಕ್ಕೆ ಗಂಟೆಗಳ ಆಯುಸ್ಸು, ಅಕ್ಕಿಗೆ ತಿಂಗಳುಗಳದು. ಮನೆಯವರಿಗೆ ಅಪಮಾನವೇನೂ ಆಗಲಿಲ್ಲ.