ಲಿಫ್ಟ್ ಪರೀಕ್ಷೆ ಗ್ರಾನೈಟ್ ಹಾಕುವ ಮೊದಲೋ, ಆಮೇಲೋ?

ಬೆಂಗಳೂರಿನ ಬಹುಮಹಡಿ ಅಪಾರ್ಟ್‌ಮೆಂಟಿನಲ್ಲಿ ಬಿಲ್ಡರ್ ಲಿಫ್ಟನ್ನು ನಿವಾಸಿಗಳ ಸಂಘಕ್ಕೆ ವಹಿಸುವಾಗ ಕೊಡುವ ಕಾಗದಗಳಲ್ಲಿ ಎರಡು ಮುಖ್ಯ. ಒಂದು, 2012ರ ಕರ್ನಾಟಕ ಲಿಫ್ಟ್ ಕಾಯ್ದೆಯಡಿ ವಿದ್ಯುತ್ ಪರಿವೀಕ್ಷಣಾಲಯ ಕೊಡುವ ಪರವಾನಗಿ. ಇನ್ನೊಂದು, ಲಿಫ್ಟ್ ಕಂಪನಿಯ ಪರೀಕ್ಷಾ ಪ್ರಮಾಣಪತ್ರ. ಪರವಾನಗಿಯನ್ನು ಎಲ್ಲರೂ ಕೇಳಿ ಪಡೆಯುತ್ತಾರೆ. ಎರಡನೆಯದನ್ನು ಓದುವವರು ಕಡಿಮೆ. ಅದರಲ್ಲಿ ನಾನು ಮೊದಲು ನೋಡುವುದು ತಾರೀಖನ್ನು.

13 ಜನರ ಲಿಫ್ಟನ್ನೇ ತೆಗೆದುಕೊಳ್ಳಿ. ತಲೆಗೆ 68 ಕೆ.ಜಿ.ಯಂತೆ ಅದರ ಹೊರೆ 884 ಕೆ.ಜಿ. ಹಗ್ಗದ ಇನ್ನೊಂದು ತುದಿಯಲ್ಲಿ ತೂಗುವ ಕೌಂಟರ್‌ವೇಟ್, ಖಾಲಿ ಕ್ಯಾಬಿನ್ನಿನ ತೂಕದ ಜೊತೆಗೆ ಈ ಹೊರೆಯ ಅರ್ಧದಷ್ಟನ್ನು, ಅಂದರೆ 442 ಕೆ.ಜಿ.ಯನ್ನು ಸರಿದೂಗಿಸುತ್ತದೆ ಎಂದುಕೊಳ್ಳೋಣ. ಕ್ಯಾಬಿನ್ನಿನಲ್ಲಿ ಅರ್ಧ ಹೊರೆ ಇಟ್ಟು ಓಡಿಸಿದರೆ, ಮೇಲೆ ಹೋಗುವಾಗಲೂ ಕೆಳಗೆ ಬರುವಾಗಲೂ ಮೋಟಾರು ಎಳೆಯುವ ಕರೆಂಟು ಹೆಚ್ಚುಕಡಿಮೆ ಒಂದೇ ಇರಬೇಕು. ಪ್ರಮಾಣಪತ್ರದಲ್ಲಿ ಈ ಎರಡು ಅಂಕಿಗಳು ಅಕ್ಕಪಕ್ಕ ಬರೆದಿರುತ್ತವೆ.

ಪರೀಕ್ಷೆ ಮುಗಿದ ಮೇಲೆ ಬಿಲ್ಡರ್ ಕ್ಯಾಬಿನ್ನಿಗೆ ಗ್ರಾನೈಟ್ ನೆಲ ಹಾಕಿಸಿದರೆ ಏನಾಗುತ್ತದೆ? ಎರಡು ಮೀಟರ್ ಅಗಲ, 1.1 ಮೀಟರ್ ಆಳದ ನೆಲಕ್ಕೆ 20 ಮಿ.ಮೀ. ದಪ್ಪದ ಕಲ್ಲು ಹಾಸಿದರೆ ಸುಮಾರು 120 ಕೆ.ಜಿ. ಹೆಚ್ಚುತ್ತದೆ. ಕನ್ನಡಿಯ ಲೆಕ್ಕ ಬೇರೆ. 442 ಇದ್ದದ್ದು 322ಕ್ಕೆ ಇಳಿಯಿತು. ತುಂಬಿದ ಲಿಫ್ಟಿನಲ್ಲಿ ಬ್ರೇಕು ಹಿಡಿದು ನಿಲ್ಲಿಸಬೇಕಾದ ವ್ಯತ್ಯಾಸ 442ರಿಂದ 562 ಕೆ.ಜಿ.ಗೆ ಏರಿತು. ಇದು ಕಣ್ಣಿಗೆ ಕಾಣುವುದಿಲ್ಲ. ಅರ್ಧ ಹೊರೆ ಇಟ್ಟು ಮತ್ತೆ ಅಳೆದರೆ ಮಾತ್ರ ಮೇಲೇರುವಾಗಿನ ಕರೆಂಟು ಹೆಚ್ಚಿರುವುದು ಗೊತ್ತಾಗುತ್ತದೆ. ಕೌಂಟರ್‌ವೇಟಿಗೆ ತೂಕ ಸೇರಿಸಿ ಸರಿಪಡಿಸಬಹುದು. ಆದರೆ ಹಗ್ಗ, ಬ್ರೇಕು, ಸೇಫ್ಟಿ ಗೇರ್ ಹೊಸ ಒಟ್ಟು ತೂಕವನ್ನು ತಾಳುತ್ತವೆ ಎಂದು ಕಂಪನಿ ಬರೆದುಕೊಡಬೇಕು.

ಬ್ರೇಕಿನ ಪರೀಕ್ಷೆಗೆ ಹೊರೆಯ ಒಂದೂಕಾಲು ಪಟ್ಟು, ಅಂದರೆ 1,105 ಕೆ.ಜಿ. ತುಂಬುತ್ತಾರೆ. ಪೂರ್ಣ ವೇಗದಲ್ಲಿ ಇಳಿಯುತ್ತಿರುವಾಗ ಕರೆಂಟು ಕಡಿದರೆ ಬ್ರೇಕೊಂದೇ ಕ್ಯಾಬಿನ್ನನ್ನು ನಿಲ್ಲಿಸಬೇಕು. ಪತ್ರದಲ್ಲಿ ಬರೀ ‘ಸರಿ’ ಎಂದಿದ್ದರೆ ಒಪ್ಪಬೇಡಿ, ಎಷ್ಟು ತೂಕ ತುಂಬಿದ್ದರೆಂದು ಕೇಳಿ.

ಇನ್ನು ಸೇಫ್ಟಿ ಗೇರ್. ವೇಗ ಮಿತಿ ಮೀರಿದಾಗ ಗವರ್ನರ್ ಇದನ್ನು ಎಳೆಯುತ್ತದೆ, ಅದರ ದವಡೆಗಳು ಗೈಡ್ ರೈಲುಗಳನ್ನು ಕಚ್ಚಿ ಕ್ಯಾಬಿನ್ನನ್ನು ನಿಲ್ಲಿಸುತ್ತವೆ. ನಿಜವಾಗಿ ಪರೀಕ್ಷಿಸಿದ್ದರೆ ರೈಲಿನ ಮೇಲೆ ಕಚ್ಚಿದ ಗುರುತು ಸಾಮಾನ್ಯವಾಗಿ ಉಳಿದಿರುತ್ತದೆ, ಎರಡೂ ಬದಿ ಒಂದೇ ಎತ್ತರದಲ್ಲಿ. ನೀವು ಶಾಫ್ಟಿನೊಳಗೆ ಇಣುಕಬೇಡಿ. ತಂತ್ರಜ್ಞರಿಂದ ಫೋಟೋ ತೆಗೆಸಿ. ಉಜ್ಜಿ ನಯಮಾಡಿದ್ದೇವೆ ಎಂದರೆ ನಿಮ್ಮ ಪ್ರತಿನಿಧಿಯ ಎದುರೇ ಇನ್ನೊಮ್ಮೆ ಪರೀಕ್ಷೆ ನಡೆಯಲಿ.

ಪತ್ರದ ತಾರೀಖು ಗ್ರಾನೈಟ್ ಕೆಲಸಕ್ಕಿಂತ ಹಿಂದಿನದಾದರೆ, ಹಸ್ತಾಂತರ ಪಟ್ಟಿಯಲ್ಲಿ ಆ ಲಿಫ್ಟಿನ ಎದುರು ‘ಮರುಪರೀಕ್ಷೆ ಬಾಕಿ’ ಎಂದು ಬರೆದ ಮೇಲೆಯೇ ಸಂಘದವರು ಸಹಿ ಹಾಕಬೇಕು.