ಸ್ಟೋರ್ ಬೇಡವೆಂದಾಗ ಬರೆದ ಉತ್ತರ

ನಮ್ಮ ಸಂಘದ ಸದಸ್ಯರು ಒಂದು ಕಾಲಕ್ಕೆ ಡೊಂಬಿವಲಿಯ ನಾಲ್ಕು ಗಲ್ಲಿಗಳಲ್ಲಿದ್ದವರು. ಈಗ ಕೆಲವರು ಕಲ್ಯಾಣದಲ್ಲಿ, ಕೆಲವರು ಠಾಣೆಯಲ್ಲಿ, ಮಕ್ಕಳ ಕೆಲಸದ ಹಿಂದೆ ಹೋದವರು ನವಿ ಮುಂಬೈಯಲ್ಲಿ. ರಾಜ್ಯೋತ್ಸವದ ಪಾಸ್ ಹಂಚಲು ಲೋಕಲ್ ಹಿಡಿದು ಮನೆಮನೆಗೆ ಅಲೆಯುವುದು ತಪ್ಪಲೆಂದು ಸಂಘಕ್ಕೆ ಒಂದು ಆ್ಯಪ್ ಮಾಡಿದೆ. ಐಫೋನಿನ ಆ್ಯಪ್ ಸ್ಟೋರ್‌ಗೆ ಕಳಿಸಿದ್ದು ಅಕ್ಟೋಬರ್ ಮಧ್ಯದಲ್ಲಿ. ಎರಡೇ ದಿನದಲ್ಲಿ ತಿರಸ್ಕೃತವಾಯಿತು.

ಸಿಟ್ಟಿನಲ್ಲಿ ಮೊದಲು ಬರೆದ ಉತ್ತರದಲ್ಲಿ ‘ಇದು ಲಾಭಕ್ಕಲ್ಲ, ಭಾಷೆಯ ಸೇವೆಗೆ’ ಎಂದೆಲ್ಲ ಇತ್ತು. ಅಳಿಸಿಹಾಕಿದೆ. ಪರಿಶೀಲಕರು ಉದ್ದೇಶವನ್ನು ತೂಗುವುದಿಲ್ಲ. ಇಂಥ ನಿಯಮ, ಇಂಥ ಪರದೆ ಎಂದು ನೋಡುತ್ತಾರೆ. ಉತ್ತರವೂ ಹಾಗೇ ಇರಬೇಕು.

ಅವರು ಹೇಳಿದ್ದು ಎರಡು ನಿಯಮಗಳ ವಿಷಯ. ಮೊದಲನೆಯದು 2.1. ಲಾಗಿನ್ ಇರುವ ಆ್ಯಪ್‌ನ ಒಳಗೆ ಹೋಗಿ ನೋಡಲು ಪರಿಶೀಲಕರಿಗೆ ಒಂದು ಖಾತೆ ಕೊಡಬೇಕು. ನಮ್ಮದರಲ್ಲಿ ಫೋನ್ ನಂಬರ್ ಹಾಕಿದರೆ ಓಟಿಪಿ ಬರುತ್ತದೆ. ಎಲ್ಲೋ ಕೂತ ಪರಿಶೀಲಕರ ಕೈಯಲ್ಲಿ ನಮ್ಮ ಸದಸ್ಯರ ಸಿಮ್ ಇರುವುದಿಲ್ಲವಲ್ಲ! ಮೊದಲ ಪರದೆಯಲ್ಲೇ ಅವರು ನಿಂತುಬಿಟ್ಟಿದ್ದರು.

ಓಟಿಪಿಗೆ ನಾವು ಬಳಸಿದ್ದು ಫೈರ್‌ಬೇಸ್. ಅದರಲ್ಲಿ ಪರೀಕ್ಷೆಗೆಂದು ಹತ್ತರವರೆಗೆ ಕಾಲ್ಪನಿಕ ನಂಬರ್ ಸೇರಿಸಿ, ಪ್ರತಿಯೊಂದಕ್ಕೂ ಆರಂಕಿಯ ಸ್ಥಿರ ಕೋಡ್ ಇಡಬಹುದು. ಆ ನಂಬರಿಗೆ ಎಸ್‌ಎಂಎಸ್ ಹೋಗುವುದೇ ಇಲ್ಲ. ಅಂಥ ಒಂದು ನಂಬರಿಗೆ ಸದಸ್ಯನ ಖಾತೆ ಮಾಡಿದೆ. ಆದರೆ ಆ ಖಾತೆಯಿಂದ ನಿಜವಾದ ಸದಸ್ಯರ ಫೋನು, ವಿಳಾಸ ಕಾಣಬಾರದು. ಹಾಗಾಗಿ ಅದಕ್ಕೆ ಬೇರೆಯೇ ಸುಳ್ಳು ಪಟ್ಟಿ, ಒಂದು ಮಾದರಿ ಪಾಸ್ ಜೋಡಿಸಿದೆ. ನಂಬರ್, ಕೋಡ್ ಎರಡನ್ನೂ App Review Information ಭಾಗದಲ್ಲಿ ಬರೆದೆ. ತಕರಾರು ಇಷ್ಟೇ ಆಗಿದ್ದರೆ ಹೊಸ ಬಿಲ್ಡ್ ಕಳಿಸುವ ಅಗತ್ಯವೇ ಇರಲಿಲ್ಲ.

ಎರಡನೆಯದು 5.1.1(v). ಖಾತೆ ತೆರೆಯಲು ಬಿಡುವ ಆ್ಯಪ್ ಅದನ್ನು ಅಳಿಸಲೂ ಒಳಗೇ ದಾರಿ ಕೊಡಬೇಕು. 2022ರ ಜೂನ್ 30ರಿಂದ ಇದು ಕಡ್ಡಾಯ. ‘ನಮ್ಮಲ್ಲಿ ಇದೆಯಲ್ಲ’ ಎಂದು ವಾದಿಸಲು ಹೊರಟಿದ್ದೆ. ‘ಖಾತೆ ಅಳಿಸಿ’ ಎಂಬ ಗುಂಡಿ ಇತ್ತು, ನಿಜ. ಒತ್ತಿ ನೋಡಿದಾಗ ನೆನಪಾಯಿತು, ಅದು ‘ಕಾರ್ಯದರ್ಶಿಗಳಿಗೆ ಫೋನ್ ಮಾಡಿ’ ಎನ್ನುತ್ತಿತ್ತು. ಕಾಗದ ಬರೆದುಕೊಟ್ಟು ಸಂಘ ಬಿಡುವ ಹಳೆಯ ಪದ್ಧತಿಯನ್ನೇ ನಾನು ಆ್ಯಪ್‌ಗೆ ಇಳಿಸಿದ್ದೆ. ನಮ್ಮಂಥ ಆ್ಯಪ್‌ನಲ್ಲಿ ಫೋನ್ ಮಾಡಿಸುವುದು, ಖಾತೆಯನ್ನು ತಾತ್ಕಾಲಿಕವಾಗಿ ನಿಲ್ಲಿಸುವುದು, ಎರಡೂ ಈ ನಿಯಮಕ್ಕೆ ಸಾಲದು. ತಪ್ಪು ನನ್ನದೇ.

ಕಾರ್ಯದರ್ಶಿಗಳಿಗೆ ಹೇಳಿದರೆ ಗಾಬರಿಯಾದರು. “ಯಾರೋ ಬೆರಳು ತಾಗಿಸಿದ್ರೆ ಮೂವತ್ತು ವರ್ಷದ ಸದಸ್ಯತ್ವ ಹೋಗಿಬಿಡುತ್ತೇನಪ್ಪಾ?” ಅಲ್ಲಿಯವರೆಗೆ ನಾನು ಬೇರ್ಪಡಿಸಿಯೇ ಇರದ ವಿಷಯ ಅದು. ಸದಸ್ಯತ್ವ ಇರುವುದು ಸಂಘದ ರಿಜಿಸ್ಟರಿನಲ್ಲಿ. ಆ್ಯಪ್ ಖಾತೆ ಬೇರೆ. ಖಾತೆ ಅಳಿಸಿದರೆ ಆ್ಯಪ್‌ನಲ್ಲಿರುವ ಫೋನ್ ನಂಬರ್, ಫೋಟೋ, ಮನೆಯವರ ಹೆಸರು, ಪಾಸ್ ಎಲ್ಲ ಸರ್ವರಿನಿಂದ ಹೋಗುತ್ತವೆ. ನೋಂದಾಯಿತ ಟ್ರಸ್ಟಾದ್ದರಿಂದ ಆಡಿಟ್‌ಗೆ ಬೇಕಾದ ವಂತಿಗೆಯ ರಶೀದಿ ಕಚೇರಿಯಲ್ಲಿ ಉಳಿಯುತ್ತದೆ. ಇದನ್ನು ಅಳಿಸುವ ಪರದೆಯಲ್ಲೂ ಗೌಪ್ಯತಾ ನೀತಿಯಲ್ಲೂ ಬರೆದೆ. ಬೆರಳು ತಾಗುವ ಭಯಕ್ಕೆ, ಅಳಿಸುವ ಮುನ್ನ ಮತ್ತೊಮ್ಮೆ ಓಟಿಪಿ ಕೇಳುವಂತೆ ಮಾಡಿದೆ.

ಇನ್ನೊಂದು ತೊಡಕು, ಆ್ಯಪ್ ಪೂರ್ತಿ ಕನ್ನಡದಲ್ಲಿದೆ. ಪರಿಶೀಲಕರಿಗೆ ‘ನನ್ನ ಖಾತೆ’ ಯಾವುದು, ‘ಮುಂದುವರಿಸಿ’ ಯಾವುದು ತಿಳಿಯಬೇಕಲ್ಲ. ನಿಜವಾದ ಐಫೋನಿನಲ್ಲಿ ಖಾತೆ ತೆರೆಯುವುದರಿಂದ ಅಳಿಸುವವರೆಗೂ ಪರದೆಯನ್ನು ವಿಡಿಯೋ ಮಾಡಿ, ಪ್ರತಿ ಗುಂಡಿಯ ಅರ್ಥ ಇಂಗ್ಲಿಷಿನಲ್ಲಿ ಬರೆದು ಸೇರಿಸಿದೆ.

ತಿರಸ್ಕಾರದ ಸಂದೇಶದ ಕೆಳಗೇ ಇಂಗ್ಲಿಷಿನಲ್ಲಿ ಬರೆದ ಉತ್ತರದ ಸಾರ ಇಷ್ಟು:

“ಪರಿಶೀಲನೆಗೆ ವಂದನೆಗಳು. ನಿಯಮ 2.1: ಪರೀಕ್ಷಾ ನಂಬರ್ ಮತ್ತು ಕೋಡ್ ಕೊಟ್ಟಿದ್ದೇವೆ, ಎಸ್‌ಎಂಎಸ್‌ಗೆ ಕಾಯಬೇಕಿಲ್ಲ. ನಿಯಮ 5.1.1(v): ಹಿಂದಿನ ಬಿಲ್ಡ್‌ನಲ್ಲಿ ಅಳಿಸಲು ಫೋನ್ ಮಾಡಬೇಕಿತ್ತು. ಬಿಲ್ಡ್ 8ರಲ್ಲಿ ಅದನ್ನು ಸರಿಪಡಿಸಿದ್ದೇವೆ. ದಾರಿ: ಕೆಳಗಿನ ಬಲತುದಿಯ ‘ನನ್ನ ಖಾತೆ’, ಅಲ್ಲಿ ಕೊನೆಯ ಕೆಂಪು ಗುಂಡಿ ‘ಖಾತೆ ಅಳಿಸಿ’, ನಂತರ ಅದೇ ಕೋಡ್. ಪರೀಕ್ಷಾ ಖಾತೆಯನ್ನು ನೀವು ಅಳಿಸಬಹುದು. ಅದೇ ನಂಬರಿನಿಂದ ಮತ್ತೆ ತೆರೆಯಬಹುದು. ವಿಡಿಯೋ ಲಗತ್ತಿಸಿದೆ.”

ಕೊನೆಯ ಸೂಚನೆ ಮುಖ್ಯ. ಪರಿಶೀಲಕರು ಖಾತೆಯನ್ನು ನಿಜಕ್ಕೂ ಅಳಿಸಿ ನೋಡುತ್ತಾರೆ. ಮರುದಿನ ಇನ್ನೊಬ್ಬರು ಬಂದು ಲಾಗಿನ್ ಆಗದಿದ್ದರೆ ಮತ್ತೆ 2.1ಕ್ಕೇ ಬಂದು ನಿಲ್ಲುತ್ತೇವೆ.

ಎರಡನೇ ಸುತ್ತಿನಲ್ಲಿ ಒಪ್ಪಿಗೆ ಸಿಕ್ಕಿತು. ರಾಜ್ಯೋತ್ಸವದ ಮೊದಲೇ ಪಾಸ್‌ಗಳು ಫೋನಿಗೆ ಹೋದವು. ಸರ್ವರಿನ ದಾಖಲೆ ನೋಡಿದರೆ, ಖಾತೆ ಅಳಿಸಿದ ಮೊದಲ ‘ಸದಸ್ಯ’ ಆ ಪರಿಶೀಲಕರೇ. ಎರಡನೆಯವರು ನಮ್ಮ ಕಾರ್ಯದರ್ಶಿಗಳು. ಅಳಿಸಿ, ರಿಜಿಸ್ಟರ್ ತೆಗೆದು ತಮ್ಮ ಹೆಸರು ಇದೆಯೆಂದು ನೋಡಿಕೊಂಡು, ಮತ್ತೆ ಖಾತೆ ತೆರೆದಿದ್ದರು.