ಒಂದು ಕವಲು, ಮೂರು ಕೊಳವೆ

ಐಸಿಯುನಲ್ಲಿ ಮಲಗಿದವರಿಗೆ ಎದೆಯ ಎಕ್ಸ್‌-ರೇ ತೆಗೆಯುವುದು ನ್ಯುಮೋನಿಯಾ ಎಷ್ಟಿದೆ ಎಂದು ನೋಡಲಿಕ್ಕೆ ಅಂತ ಮನೆಯವರು ತಿಳಿದಿರುತ್ತಾರೆ. ಅದು ಅರ್ಧ ನಿಜ. ಉಸಿರಿಗೊಂದು, ಔಷಧಿಗೊಂದು, ಊಟಕ್ಕೊಂದು ಎಂದು ಮೂರು ಕೊಳವೆ ಹಾಕಿದ ಮೇಲೆ ತೆಗೆಯುವ ಮೊದಲ ಫಿಲ್ಮಿನಲ್ಲಿ ವೈದ್ಯರ ಕಣ್ಣು ಹುಡುಕುವುದು ಆ ಕೊಳವೆಗಳ ತುದಿಗಳನ್ನು. ಒಳಗೆ ಹೋಗುವಾಗ ಅವು ಯಾರ ಕಣ್ಣಿಗೂ ಕಾಣುವುದಿಲ್ಲವಲ್ಲ.

ಮೂರಕ್ಕೂ ಒಂದೇ ಗುರುತಿದೆ ಎಂಬುದು ಈ ಓದಿನ ಅನುಕೂಲ. ಶ್ವಾಸನಾಳ ಎದೆಯ ನಡುವೆ ಎರಡಾಗಿ ಒಡೆದು ಒಂದು ಬಲ ಶ್ವಾಸಕೋಶಕ್ಕೂ ಇನ್ನೊಂದು ಎಡಕ್ಕೂ ಹೋಗುತ್ತದೆ. ಆ ಕವಲನ್ನು ವೈದ್ಯರು ಕರೈನಾ ಎನ್ನುತ್ತಾರೆ. ಮಂಚದ ಮೇಲೆಯೇ ತೆಗೆದ ಮಸುಕು ಫಿಲ್ಮಿನಲ್ಲಿ ಅದು ಎದ್ದು ಕಾಣದಿರಬಹುದು. ಆಗ ಎಡ ಶ್ವಾಸಕೋಶಕ್ಕೆ ಹೋಗುವ ನಾಳದ ಕೆಳಅಂಚನ್ನು ಹಿಡಿದುಕೊಂಡು ಹಿಮ್ಮುಖವಾಗಿ ನಡುವಿಗೆ ಬಂದರೆ ಕವಲು ಸಿಗುತ್ತದೆ. ಅದು ಸಿಕ್ಕ ಮೇಲೆಯೇ ಉಳಿದ ಲೆಕ್ಕ.

ಒಂದು ಉದಾಹರಣೆಯನ್ನು ಕಲ್ಪಿಸಿಕೊಂಡು ನೋಡೋಣ. ಐವತ್ತೈದರ ಹೆಂಗಸು, ಎರಡೂ ಕಡೆ ನ್ಯುಮೋನಿಯಾ, ರಾತ್ರಿ ವೆಂಟಿಲೇಟರ್ ಹಾಕಿದ್ದಾರೆ. ಬಾಯಿಯಿಂದ ಶ್ವಾಸನಾಳಕ್ಕೆ ಇಟಿ ಟ್ಯೂಬ್, ಕತ್ತಿನ ಬಲಗಡೆಯಿಂದ ಸೆಂಟ್ರಲ್ ಲೈನ್, ಮೂಗಿನಿಂದ ರೈಲ್ಸ್ ಟ್ಯೂಬ್. ಫಿಲ್ಮ್ ಬಂತು. ಅದರಲ್ಲಿ ರೋಗಿಯ ಬಲಭಾಗ ನೋಡುವವರ ಎಡಕ್ಕಿರುತ್ತದೆ ಎಂಬುದನ್ನು ಓದುಗರು ನೆನಪಿಟ್ಟುಕೊಳ್ಳಬೇಕು.

ಮೊದಲು ಇಟಿ ಟ್ಯೂಬ್. ಅದರ ಗೋಡೆಯಲ್ಲಿ ಎಕ್ಸ್‌-ರೇಗೆ ಬಿಳಿಯಾಗಿ ಕಾಣುವ ಗೆರೆಯೊಂದಿರುತ್ತದೆ. ಆ ಗೆರೆಯ ತುದಿ ಕವಲಿಗಿಂತ ಸುಮಾರು 5 ಸೆಂಟಿಮೀಟರ್ ಮೇಲಿರಬೇಕು. ಎರಡು ಸೆಂಟಿಮೀಟರ್ ಆಚೀಚೆ ಆದರೆ ತೊಂದರೆಯಿಲ್ಲ. ತೀರಾ ಮೇಲಿದ್ದರೆ ಟ್ಯೂಬ್ ಜಾರಿ ಹೊರಬಂದೀತು. ತೀರಾ ಕೆಳಗಿಳಿದರೆ ಹೆಚ್ಚಾಗಿ ಬಲಕ್ಕೇ ಹೊಕ್ಕುತ್ತದೆ, ಏಕೆಂದರೆ ಬಲಗಡೆಯ ನಾಳ ಅಗಲ ಮತ್ತು ಹೆಚ್ಚು ನೇರ. ಆಗ ಎಡ ಶ್ವಾಸಕೋಶಕ್ಕೆ ಗಾಳಿ ಸಿಗದೆ ಅದು ಕುಗ್ಗಿಹೋಗುತ್ತದೆ.

ಈ ಹೆಂಗಸಿನ ಫಿಲ್ಮಿನಲ್ಲಿ ಅಳೆದರೆ 3 ಸೆಂಟಿಮೀಟರ್ ಬಂತು. ಸರಿಯಾಗಿಯೇ ಇದೆ ಎಂದು ಅಲ್ಲಿಗೇ ಬಿಡಬಹುದಿತ್ತು. ಆದರೆ ಟ್ಯೂಬನ್ನು ಕಟ್ಟಿರುವುದು ಬಾಯಿಗೆ, ಎದೆಗಲ್ಲ. ಆದ್ದರಿಂದ ಗಲ್ಲ ಬಗ್ಗಿದರೆ ತುದಿ ಸುಮಾರು 2 ಸೆಂಟಿಮೀಟರ್ ಕೆಳಗಿಳಿಯುತ್ತದೆ, ಗಲ್ಲ ಮೇಲೆತ್ತಿದರೆ ಅಷ್ಟೇ ಮೇಲೇರುತ್ತದೆ. ಹಾಗಾದರೆ ಫಿಲ್ಮ್ ತೆಗೆದ ಹೊತ್ತಿಗೆ ಗಲ್ಲ ಎಲ್ಲಿತ್ತು? ಕುತ್ತಿಗೆ ಸಹಜವಾಗಿದ್ದರೆ ದವಡೆಯ ಕೆಳಅಂಚು ಕುತ್ತಿಗೆಯ ಐದನೆಯ ಅಥವಾ ಆರನೆಯ ಮೂಳೆಯ ಮೇಲೆ ಬಿದ್ದಿರುತ್ತದೆ. ಇಲ್ಲಿ ದವಡೆ ಅದಕ್ಕಿಂತ ಎಷ್ಟೋ ಮೇಲಿತ್ತು, ಅಂದರೆ ಕತ್ತು ಹಿಂದಕ್ಕೆ ಬಾಗಿತ್ತು. ತಲೆ ಸರಿಮಾಡಿದರೆ ಆ 3 ಸೆಂಟಿಮೀಟರ್ 1 ಆಗುತ್ತದೆ. ಗಲ್ಲ ಎದೆಗೆ ತಾಗಿದರಂತೂ ಟ್ಯೂಬ್ ಬಲಗಡೆಯ ನಾಳದೊಳಗೇ. ಹೆಂಗಸರಲ್ಲಿ ಸಾಮಾನ್ಯವಾಗಿ 21ರ ಗುರುತು ಹಲ್ಲಿನ ಹತ್ತಿರ ಬರಬೇಕು, ಇವರಲ್ಲಿ 24 ಇತ್ತು. ಎರಡೂ ಒಂದೇ ಮಾತು ಹೇಳುತ್ತಿದ್ದವು. 3 ಸೆಂಟಿಮೀಟರ್ ಹಿಂದಕ್ಕೆ ಎಳೆದು ಮತ್ತೆ ಕಟ್ಟಿದರು.

ಒಂದು ಎಚ್ಚರಿಕೆ ಇಲ್ಲೇ ಹೇಳಬೇಕು. ಟ್ಯೂಬ್ ಶ್ವಾಸನಾಳದಲ್ಲಿದೆಯೋ ಅದರ ಹಿಂದಿರುವ ಅನ್ನನಾಳದಲ್ಲಿದೆಯೋ ಎಂಬುದನ್ನು ಈ ಫಿಲ್ಮ್ ನಂಬುವ ಹಾಗೆ ಹೇಳಲಾರದು, ಎರಡೂ ಒಂದರ ಹಿಂದೊಂದು ಬೀಳುತ್ತವೆ. ಅದನ್ನು ಟ್ಯೂಬ್ ಹಾಕಿದ ಕ್ಷಣದಲ್ಲೇ, ಹೊರಬರುವ ಉಸಿರಿನ ಇಂಗಾಲದ ಡೈಆಕ್ಸೈಡ್ ಅಳೆದು ತೀರ್ಮಾನಿಸಿರಬೇಕು. ಎಕ್ಸ್‌-ರೇ ಹೇಳುವುದು ಆಳವನ್ನು ಮಾತ್ರ.

ಸೆಂಟ್ರಲ್ ಲೈನಿನ ಮಾತು ಬೇಗ ಮುಗಿಯುತ್ತದೆ. ರಕ್ತದೊತ್ತಡ ಏರಿಸುವ ಖಾರವಾದ ಔಷಧಿಗಳು ಇದರಿಂದ ಹೋಗುವುದರಿಂದ ತುದಿ ಹೃದಯದ ಮೇಲಿನ ದೊಡ್ಡ ಸಿರೆಯಲ್ಲಿ, ಸಿರೆಗೆ ಉದ್ದವಾಗಿ ಇರಬೇಕು. ತೀರಾ ಒಳಗೆ ಹೋದರೆ ಹೃದಯದ ಗೋಡೆಗೆ ತಗುಲಿ ಬಡಿತ ತಪ್ಪಿಸಬಹುದು, ಅಪರೂಪಕ್ಕೆ ಗೋಡೆಯನ್ನೇ ಕೊರೆದುಬಿಡಬಹುದು. ಕವಲಿನ ಮಟ್ಟದಿಂದ ಅದರ ಕೆಳಗೆ ಮೂರು ನಾಲ್ಕು ಸೆಂಟಿಮೀಟರ್‌ವರೆಗಿನ ಜಾಗವನ್ನು ಹಲವರು ಒಪ್ಪುತ್ತಾರೆ. ಎಷ್ಟು ಕೆಳಗೆ ಎಂಬುದರಲ್ಲಿ ತಜ್ಞರ ನಡುವೆ ಇನ್ನೂ ಜಗ್ಗಾಟವಿದೆ. ನಮ್ಮ ಉದಾಹರಣೆಯಲ್ಲಿ ಬಿಳಿ ದಾರ ಬೆನ್ನುಮೂಳೆಯ ಬಲಪಕ್ಕದಲ್ಲಿ ನೇರವಾಗಿ ಇಳಿದು ಕವಲಿಗಿಂತ ಕೊಂಚ ಕೆಳಗೆ ನಿಂತಿತ್ತು. ಸೂಜಿ ತಗುಲಿ ಶ್ವಾಸಕೋಶದ ಸುತ್ತ ಗಾಳಿ ಸೇರಿದೆಯೇ ಎಂದೂ ನೋಡಿದರು. ಮಲಗಿದವರಲ್ಲಿ ಆ ಗಾಳಿ ಎದೆಯ ಮುಂಭಾಗಕ್ಕೂ ಕೆಳಕ್ಕೂ ಹೋಗುತ್ತದೆ, ಹಾಗಾಗಿ ಪಕ್ಕೆಯ ಕೆಳಮೂಲೆ ವಿಪರೀತ ಆಳವಾಗಿ, ಕಪ್ಪಾಗಿ ಕಾಣುತ್ತದೆಯೇ ಎಂಬುದು ಮುಖ್ಯ. ಹಾಗೇನೂ ಇರಲಿಲ್ಲ.

ಎಡವಟ್ಟಾಗಿದ್ದು ಎಲ್ಲರೂ ಸುಲಭವೆಂದು ತಿಳಿಯುವ ಮೂರನೆಯದರಲ್ಲಿ. ರೈಲ್ಸ್ ಟ್ಯೂಬ್ ಹಾಕಿದ ಸಿಸ್ಟರ್ ಸಿರಿಂಜಿನಿಂದ ಗಾಳಿ ನೂಕಿ, ಹೊಟ್ಟೆಯ ಮೇಲೆ ಸ್ಟೆತಾಸ್ಕೋಪ್ ಇಟ್ಟು ಕೇಳಿದ್ದರು. ಸದ್ದು ಸ್ಪಷ್ಟವಾಗಿ ಕೇಳಿಸಿತ್ತು. ನಮ್ಮಲ್ಲಿ ಇದು ಇನ್ನೂ ಬಳಕೆಯಲ್ಲಿರುವ ಪರೀಕ್ಷೆ, ಆದರೆ ನಂಬಬಾರದ್ದು. ಶ್ವಾಸಕೋಶದ ತಳದಲ್ಲಿ ಬಿಟ್ಟ ಗಾಳಿಯ ಸದ್ದೂ ಹೊಟ್ಟೆಯ ಮೇಲೆ ಹಾಗೆಯೇ ಕೇಳುತ್ತದೆ. ರೋಗಿ ಕೆಮ್ಮಲಿಲ್ಲ ಎಂಬುದೂ ಆಧಾರವಲ್ಲ, ನಿದ್ರೆ ಔಷಧಿಯಲ್ಲಿರುವವರು ಕೆಮ್ಮದೆಯೂ ಇರಬಹುದು. ಇಟಿ ಟ್ಯೂಬಿನ ಗಾಳಿ ತುಂಬಿದ ಕಫ್ ದಾರಿ ಮುಚ್ಚಿದೆಯಲ್ಲ ಎನ್ನುವ ಧೈರ್ಯವೂ ಬೇಡ, ಸಪೂರ ಟ್ಯೂಬ್ ಅದರ ಪಕ್ಕದಲ್ಲೇ ನುಸುಳಿ ಇಳಿಯಬಲ್ಲದು.

ಫಿಲ್ಮಿನಲ್ಲಿ ಮೊದಲು ಕಣ್ಣಿಗೆ ಬಿದ್ದದ್ದು ತುದಿ. ಅದು ವಪೆಯ ಗೆರೆಗಿಂತ ಕೆಳಗೆ, ಬಲಗಡೆ ಇತ್ತು. ವಪೆಯ ಕೆಳಗಿದೆ ಎಂದರೆ ಹೊಟ್ಟೆಯಲ್ಲಿದೆ ಎಂದಲ್ಲವೇ? ಅಲ್ಲ. ವಪೆ ಗುಮ್ಮಟದಂತೆ ಉಬ್ಬಿದ್ದು, ಶ್ವಾಸಕೋಶದ ಹಿಂಭಾಗ ಆ ಗುಮ್ಮಟದ ಬೆನ್ನಿಗೆ ಇಳಿದಿರುತ್ತದೆ. ಅಲ್ಲಿಗೆ ಹೊಕ್ಕ ತುದಿ ಫಿಲ್ಮಿನಲ್ಲಿ ವಪೆಯ ಕೆಳಗಿದ್ದಂತೆಯೇ ಕಾಣುತ್ತದೆ. ಆದ್ದರಿಂದ ತುದಿಯನ್ನು ಬಿಟ್ಟು, ಮೇಲಿನಿಂದ ಇಡೀ ದಾರಿಯನ್ನು ಬೆರಳಿಟ್ಟು ಓದಬೇಕು. ಅನ್ನನಾಳದಲ್ಲಿರುವ ಟ್ಯೂಬಿಗೆ ಕವಲಿನ ಹಂಗಿಲ್ಲ: ಅದನ್ನು ನೇರ ದಾಟಿ, ನಡುವಿನಲ್ಲೇ ಇಳಿದು, ವಪೆಯನ್ನು ನಡುವಿನಲ್ಲೇ ದಾಟಿ, ಆಮೇಲೆ ಎಡಕ್ಕೆ ತಿರುಗುತ್ತದೆ. ಈ ಟ್ಯೂಬ್ ಕವಲಿನ ಹತ್ತಿರ ಬಲಕ್ಕೆ ಹೊರಳಿ, ಬಲ ಶ್ವಾಸಕೋಶದ ನಾಳದ ಬಾಗನ್ನೇ ಅನುಸರಿಸಿತ್ತು.

ಒಂದು ಹನಿ ಫೀಡೂ ಹೋಗಿರಲಿಲ್ಲ. ಟ್ಯೂಬ್ ತೆಗೆದು, ಅದು ಶ್ವಾಸಕೋಶವನ್ನು ಚುಚ್ಚಿ ಗಾಳಿ ಸೋರಿದೆಯೇ ಎಂದು ಕೂಡಲೇ ಇನ್ನೊಂದು ಫಿಲ್ಮ್ ತೆಗೆದರು. ಚುಚ್ಚಿದ ಟ್ಯೂಬೇ ತೂತನ್ನು ಮುಚ್ಚಿಕೊಂಡಿದ್ದು, ಎಳೆದಾಗ ಸೋರಿಕೆ ಶುರುವಾಗುವುದುಂಟು. ಆಮೇಲೆ ಲ್ಯಾರಿಂಗೋಸ್ಕೋಪಿನಲ್ಲಿ ನೋಡುತ್ತಾ ಹೊಸದನ್ನು ಅನ್ನನಾಳಕ್ಕೆ ಇಳಿಸಿದರು. ಮುಂದಿನ ಫಿಲ್ಮಿನಲ್ಲಿ ಎಡ ವಪೆಯ ಕೆಳಗೆ ತುದಿ ಕಂಡಿತು. ಪಕ್ಕದ ತೂತುಗಳಿಂದ ಫೀಡ್ ಅನ್ನನಾಳಕ್ಕೆ ಸುರಿಯದಂತೆ, ತುದಿ ಹೊಟ್ಟೆಯ ಬಾಯಿಯಿಂದ ಸುಮಾರು 10 ಸೆಂಟಿಮೀಟರ್ ಒಳಗಿರಬೇಕು. ಇದಕ್ಕಾಗಿಯೇ ಫಿಲ್ಮಿನಲ್ಲಿ ಹೊಟ್ಟೆಯ ಮೇಲ್ಭಾಗವೂ ಸೇರಿರಬೇಕು. ಎದೆ ಮಾತ್ರ ಹಿಡಿದ ಫಿಲ್ಮಿನಲ್ಲಿ ಟ್ಯೂಬ್ ಅಂಚಿನಾಚೆ ಮರೆಯಾಗಿದ್ದರೆ ತುದಿ ಎಲ್ಲಿದೆ ಎಂದು ಹೇಳಲಾಗದು.

ಎಕ್ಸ್‌-ರೇ ಇಲ್ಲದೆ ತಿಳಿಯುವ ದಾರಿಯೊಂದಿದೆ. ಟ್ಯೂಬಿನಿಂದ ಎಳೆದ ದ್ರವದ ಪಿಎಚ್ 5.5 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಅದು ಹೊಟ್ಟೆಯದ್ದು ಎಂದು ಒಪ್ಪುತ್ತಾರೆ. ಐಸಿಯುನಲ್ಲಿ ಆಮ್ಲ ತಗ್ಗಿಸುವ ಔಷಧಿ ಕೊಟ್ಟಿರುವುದೇ ಹೆಚ್ಚು, ಪಿಎಚ್ ಏರಿರುತ್ತದೆ. ಹಾಗಾಗಿ ಕೊನೆಗೆ ಫಿಲ್ಮೇ ಗತಿ.

ಫಿಲ್ಮಿದ್ದೂ ತಪ್ಪಾಗುವುದುಂಟು. ತಪ್ಪು ಜಾಗದ ಟ್ಯೂಬಿಗೆ ಫೀಡ್ ಕೊಡುವುದನ್ನು ಇಂಗ್ಲೆಂಡಿನ ಆರೋಗ್ಯ ಸೇವೆ ಎಂದೂ ಆಗಬಾರದ ಘಟನೆಗಳ ಪಟ್ಟಿಗೆ ಸೇರಿಸಿದೆ. ಅಂಥ ಪ್ರಕರಣಗಳಿಗೆ ಅಲ್ಲಿ ಪದೇಪದೇ ಸಿಕ್ಕ ಕಾರಣ ಎಕ್ಸ್‌-ರೇಯನ್ನು ತಪ್ಪಾಗಿ ಓದಿದ್ದು. ನಿನ್ನೆಯ ಫಿಲ್ಮ್ ನೋಡಿ ಇವತ್ತಿನ ಟ್ಯೂಬಿಗೆ ಒಪ್ಪಿಗೆ ಕೊಡುವುದೂ ಅದೇ ಬಗೆಯ ತಪ್ಪು. ಆದ್ದರಿಂದ ಕೇಸ್ ಶೀಟಿನಲ್ಲಿ ಯಾವ ಹೊತ್ತಿನ ಫಿಲ್ಮ್, ಕವಲನ್ನು ದಾಟಿದ ಬಗೆ, ತುದಿ ಎಲ್ಲಿ, ಮೂಗಿನ ಹತ್ತಿರ ಎಷ್ಟರ ಗುರುತು ಎಂದು ಬರೆದು, ಓದಿದ ವೈದ್ಯರು ಸಹಿ ಹಾಕಿದ ಮೇಲೆಯೇ ಸಿಸ್ಟರ್ ಫೀಡ್ ಶುರುಮಾಡಬೇಕು.